7ರ ಚುಕ್ಕಿ ರಂಗೋಲಿ ದೊಡ್ಡದು ಮಾಡಲು ಎಷ್ಟು ಚುಕ್ಕಿ ಬೇಕು?

"7 ಚುಕ್ಕಿ 7 ಸಾಲಿಗೆ 49 ಚುಕ್ಕಿ ಆಗುತ್ತೆ. ಅದೇ ರಂಗೋಲಿ 14 ಸಾಲಿಗೆ ಹಾಕಿದರೆ 98 ಸಾಕಾ?"

ಸಾಕಾಗಲ್ಲ, 196 ಬೇಕು. ಸಾಲೂ ಎರಡರಷ್ಟು, ಪ್ರತಿ ಸಾಲಿನ ಚುಕ್ಕಿಯೂ ಎರಡರಷ್ಟು, ಹಾಗಾಗಿ ಒಟ್ಟು ನಾಲ್ಕು ಪಟ್ಟು. ನೇರ ಚುಕ್ಕಿಗೆ ಲೆಕ್ಕ ಸುಲಭ, ಸಾಲಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿ.

ಆದರೆ ನಾನಾದರೆ 14 ಇಡಲ್ಲ. 7ರಲ್ಲಿ ನಟ್ಟನಡುವೆ ಒಂದು ಚುಕ್ಕಿ ಸಿಗುತ್ತೆ, ಹೂವು ಅಲ್ಲಿಂದಲೇ ಶುರು ಅಲ್ವಾ? 14ರಲ್ಲಿ ನಡುವೆ ಚುಕ್ಕಿಯೇ ಇರಲ್ಲ, ಬರೀ ಖಾಲಿ ಜಾಗ. 13 ಅಥವಾ 15 ಇಡಿ.

ಈಗಾಗಲೇ 49 ಇಟ್ಟಿದ್ದರೆ ಅಳಿಸಬೇಡಿ. ಸುತ್ತಲೂ ಒಂದು ಸುತ್ತು ಚುಕ್ಕಿ ಸೇರಿಸಿದರೆ 9ರ ಚೌಕ ಆಗುತ್ತೆ. ನಾಲ್ಕು ಬದಿಗೆ ಏಳೇಳು, ಮೂಲೆಗೆ ನಾಲ್ಕು, ಒಟ್ಟು 32. ಮುಂದಿನ ಸುತ್ತಿಗೆ 40, ಆಮೇಲೆ 48, ಆಮೇಲೆ 56. ಪ್ರತಿ ಸಲ 8 ಜಾಸ್ತಿ. ಅಲ್ಲಿಗೆ 15ರ ಚೌಕ, 225 ಚುಕ್ಕಿ. ಮೂಲೆಯ ನಾಲ್ಕನ್ನು ಮರೆಯುವವರೇ ಜಾಸ್ತಿ, ಕೊನೆಗೆ ಎಳೆ ಸೇರಲ್ಲ.

ಗೆರೆ ಎಳೆಯೋ ಮೊದಲು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎಣಿಸಿ. ಅಲ್ಲೂ 15 ಚುಕ್ಕಿ ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಯಾವುದೋ ಸಾಲು ಜರುಗಿದೆ.

ಜಾಗಕ್ಕೆ ಚುಕ್ಕಿ ಅಲ್ಲ, ಸಂದು ಎಣಿಸಿ. 15 ಚುಕ್ಕಿಗೆ 14 ಸಂದು. ಎರಡೆರಡು ಇಂಚು ಬಿಟ್ಟರೆ 28 ಇಂಚು.

ಹಿಂದಿನ ಸಾಲಿನ ಎರಡು ಚುಕ್ಕಿಗಳ ಮಧ್ಯೆ ಇಡೋ ಸಂದು ಚುಕ್ಕಿಗೆ ಈ ಲೆಕ್ಕ ನಡೆಯಲ್ಲ. 7ರಿಂದ 4ಕ್ಕೆ ಇಳಿಸಿದರೆ ನಡುವಿನ ಸಾಲಿನ 7ರ ಜೊತೆ ಎರಡೂ ಕಡೆ 6, 5, 4 ಸೇರಿ 37 ಆಗುತ್ತೆ.