ಎಡ ಮೇಲಿನ ಲೋಬ್ ಕುಗ್ಗಿದೆ ಅಂದರೆ ಟಿಬಿಯೇ ಆಗಬೇಕಿಲ್ಲ

ಪ್ರಶ್ನೆ: ನಮ್ಮಪ್ಪನಿಗೆ 61 ವರ್ಷ. ಚಿಕ್ಕ ವಯಸ್ಸಿನಿಂದ ಬೀಡಿ ಸೇದುತ್ತಾರೆ. ಒಂದೂವರೆ ತಿಂಗಳಿಂದ ಕೆಮ್ಮು, ಎರಡು ಸಲ ಕಫದಲ್ಲಿ ರಕ್ತದ ಗೆರೆ ಕಂಡಿದೆ. ನಮ್ಮೂರ ಡಾಕ್ಟರ್ ಎಕ್ಸ್‌ರೇ ನೋಡಿ ಎಡಗಡೆ ಮೇಲೆ ಮಬ್ಬಿದೆ, ಟಿಬಿ ಇರಬಹುದು ಅಂದರು. ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಅದೇ ಫಿಲಂ ನೋಡಿದ ಜಿಲ್ಲಾಸ್ಪತ್ರೆಯವರು ‘ಲೆಫ್ಟ್ ಅಪ್ಪರ್ ಲೋಬ್ ಕೊಲ್ಯಾಪ್ಸ್’ ಅಂತ ಬರೆದು, ಸಿಟಿ, ಬ್ರಾಂಕೋಸ್ಕೋಪಿ ಮಾಡಿಸಿ ಅಂದಿದ್ದಾರೆ. ಶ್ವಾಸಕೋಶ ಒಡೆದಿದೆಯಾ? ಒಂದೇ ಫಿಲಂ ನೋಡಿ ಇಬ್ಬರು ಎರಡು ಥರ ಹೇಳಿದ್ದು ಹೇಗೆ? ಟಿಬಿ ಮಾತ್ರೆ ಕೊಟ್ಟು ನೋಡಬಾರದಾ? ಚೂರು ತೆಗೆದರೆ ಕಾಯಿಲೆ ಹರಡುತ್ತೆ ಅಂತ ನೆಂಟರು ಹೆದರಿಸ್ತಿದ್ದಾರೆ. ಫಿಲಂನ ಫೋಟೋ ಕಳಿಸಿದ್ದೇನೆ.

ಉತ್ತರ: ಒಡೆದಿಲ್ಲ. ಶ್ವಾಸಕೋಶದ ಒಂದು ಭಾಗದಲ್ಲಿದ್ದ ಗಾಳಿ ಹೋಗಿ ಆ ಭಾಗ ಕುಗ್ಗಿದೆ, ಅಷ್ಟೇ. ಶ್ವಾಸಕೋಶ ತೂತಾಗಿ ಎದೆಗೂಡಿನೊಳಗೆ ಗಾಳಿ ಸೋರುವುದು ಬೇರೆ ಕಾಯಿಲೆ. ಅದಕ್ಕೆ ಎದೆಗೆ ಟ್ಯೂಬ್ ಹಾಕಬೇಕಾಗಬಹುದು. ನಿಮ್ಮ ತಂದೆಯವರಿಗೆ ಅದು ಬೇಡ.

ಬಲ ಶ್ವಾಸಕೋಶಕ್ಕೆ ಮೂರು ಲೋಬ್, ಎಡಕ್ಕೆ ಎರಡು. ಪ್ರತಿ ಲೋಬ್‌ಗೂ ಗಾಳಿ ಒಯ್ಯಲು ಅದರದೇ ಒಂದು ಶ್ವಾಸನಾಳ ಇರುತ್ತದೆ. ಆ ನಾಳ ಪೂರ್ತಿ ಮುಚ್ಚಿದರೆ ಹೊಸ ಗಾಳಿ ಒಳಗೆ ಹೋಗುವುದಿಲ್ಲ. ಒಳಗೆ ಉಳಿದ ಗಾಳಿಯನ್ನು ರಕ್ತ ಹೀರಿಕೊಳ್ಳುತ್ತದೆ. ಸಾಮಾನ್ಯ ಗಾಳಿ ಉಸಿರಾಡುವವರಲ್ಲಿ ಸುಮಾರು ಒಂದು ದಿನದೊಳಗೆ ಲೋಬ್ ಕುಗ್ಗಿಬಿಡಬಹುದು. ಹಾಗಾಗಿ ದೊಡ್ಡವರಲ್ಲಿ ಒಂದು ಇಡೀ ಲೋಬ್ ಕುಗ್ಗಿದ್ದು ಕಂಡರೆ ನಾವು ಮೊದಲು ಕೇಳುವುದು, ನಾಳವನ್ನು ಮುಚ್ಚಿರುವುದು ಏನು ಅಂತ.

ಇಬ್ಬರು ಡಾಕ್ಟರೂ ಅದೇ ಮಬ್ಬನ್ನೇ ನೋಡಿದ್ದಾರೆ. ಎರಡನೆಯವರು ಅದರ ಜೊತೆಗೆ, ಸುತ್ತಲಿನ ಅಂಗಗಳು ತಮ್ಮ ಜಾಗದಿಂದ ಸರಿದಿರುವುದನ್ನೂ ನೋಡಿದ್ದಾರೆ. ಎಡ ಮೇಲಿನ ಲೋಬ್ ವಿಷಯದಲ್ಲಿ ಇದು ತಪ್ಪಿಹೋಗುವುದು ಜಾಸ್ತಿ. ಯಾಕೆಂದರೆ ಅದು ಕುಗ್ಗುವ ರೀತಿಯೇ ಬೇರೆ. ಬಲ ಮೇಲಿನ ಲೋಬ್ ಕುಗ್ಗಿದರೆ ಮೇಲಕ್ಕೆ ಮಡಚಿಕೊಂಡು, ಕೆಳಗೆ ಸ್ಪಷ್ಟವಾದ ಅಂಚು ಇರುವ ಬಿಳಿ ತ್ರಿಕೋನದಂತೆ ಕಾಣುತ್ತದೆ. ಎಡದ್ದು ಹಾಗಲ್ಲ. ಅದು ಮುಂದಕ್ಕೆ ಸರಿದು ಎದೆಯ ಮುಂಗೋಡೆಗೆ ಅಂಟಿದಂತೆ ಚಪ್ಪಟೆಯಾಗುತ್ತದೆ. ಎದುರಿನಿಂದ ತೆಗೆದ ಫಿಲಂನಲ್ಲಿ ಇದು ತೆಳು ಪರದೆ ಇಳಿಬಿಟ್ಟ ಹಾಗೆ ಕಾಣುತ್ತದೆ. ಮೇಲೆ, ಮಧ್ಯದಲ್ಲಿ ಮಬ್ಬು ಇರುತ್ತದೆ, ಕೆಳಗೆ ಹೋಗುತ್ತಾ ತೆಳುವಾಗುತ್ತದೆ. ಇಲ್ಲಿಗೆ ಮುಗಿಯಿತು ಎನ್ನುವ ಗೆರೆ ಸಿಗುವುದಿಲ್ಲ. ಅವಸರದಲ್ಲಿ ನೋಡಿದರೆ ಸೋಂಕು ಅಂತಲೇ ಅನಿಸುತ್ತದೆ.

ಈಗ ನಿಮ್ಮ ಫಿಲಂ ನೋಡೋಣ. ಒಂದು ಮಾತು ನೆನಪಿರಲಿ. ಫಿಲಂನಲ್ಲಿ ‘L’ ಅಂತ ಗುರುತಿರುವ ಕಡೆ ನಿಮ್ಮ ತಂದೆಯವರ ಎಡಗಡೆ. ನೋಡುವಾಗ ಅದು ನಿಮ್ಮ ಬಲಗೈ ಕಡೆಗೆ ಬರುತ್ತದೆ.

ನಾನು ಮೊದಲು ನೋಡಿದ್ದು ಕೊರಳ ಮೂಳೆಗಳ ಒಳತುದಿಗಳನ್ನು. ಎರಡೂ ತುದಿಗಳು ನಡುವಿನ ಬೆನ್ನುಮೂಳೆಯ ಗುರುತಿನಿಂದ ಸಮದೂರದಲ್ಲಿವೆ. ಅಂದರೆ ಎಕ್ಸ್‌ರೇ ತೆಗೆಯುವಾಗ ಅವರು ನೆಟ್ಟಗೆ ನಿಂತಿದ್ದಾರೆ, ಮೈ ತಿರುಗಿಲ್ಲ. ಇದನ್ನು ನೋಡದೆ ಮುಂದೆ ಹೋಗಬಾರದು. ಮೈ ಸ್ವಲ್ಪ ತಿರುಗಿದ್ದರೂ ಶ್ವಾಸನಾಳ ಸರಿದ ಹಾಗೆ ಕಾಣುತ್ತದೆ, ಇಲ್ಲದ ಕೊಲ್ಯಾಪ್ಸ್ ಇದೆ ಅನಿಸುತ್ತದೆ. ಇವರ ಫಿಲಂನಲ್ಲಿ ಮೈ ನೇರವಾಗಿದ್ದರೂ ದೊಡ್ಡ ಶ್ವಾಸನಾಳ ನಡುವಿನಿಂದ ಎಡಕ್ಕೆ ವಾಲಿದೆ. ಹಾಗಾಗಿ ಈ ಎಳೆತ ನಿಜವಾದದ್ದು.

ಎಳೆತವೇ ಇಲ್ಲಿ ಮುಖ್ಯ. ಎದೆಯಲ್ಲಿ ನೀರು ತುಂಬಿದರೂ ಫಿಲಂ ಬೆಳ್ಳಗಾಗುತ್ತದೆ, ಆದರೆ ಜಾಸ್ತಿ ನೀರಿದ್ದರೆ ಶ್ವಾಸನಾಳವನ್ನೂ ಹೃದಯವನ್ನೂ ಆಚೆ ಬದಿಗೆ ತಳ್ಳುತ್ತದೆ. ಸಾಮಾನ್ಯ ನ್ಯುಮೋನಿಯಾದಲ್ಲಿ ಗಾಳಿಯ ಜಾಗದಲ್ಲಿ ಕೀವು, ದ್ರವ ತುಂಬುವುದರಿಂದ ಲೋಬ್‌ನ ಗಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಏನೂ ಸರಿಯುವುದಿಲ್ಲ. ಲೋಬ್ ಕುಗ್ಗಿದಾಗ ಮಾತ್ರ ಖಾಲಿಯಾದ ಜಾಗ ತುಂಬಲು ಸುತ್ತಲಿನದೆಲ್ಲ ಅದರ ಕಡೆಗೆ ಬರುತ್ತದೆ.

ಹೀಗೆ ಬಂದಿರುವುದನ್ನು ಈ ಫಿಲಂನಲ್ಲಿ ಇನ್ನೂ ಮೂರು ಕಡೆ ಕಾಣಬಹುದು. ಎಡ ಹೈಲಂ, ಅಂದರೆ ಶ್ವಾಸನಾಳ, ರಕ್ತನಾಳಗಳು ಶ್ವಾಸಕೋಶದೊಳಗೆ ಹೋಗುವ ಬುಡ, ಮೇಲಕ್ಕೆ ಹೋಗಿದೆ. ಹೆಚ್ಚಿನವರಲ್ಲಿ ಎಡ ಹೈಲಂ ಬಲಕ್ಕಿಂತ ಒಂದು ಸೆಂಟಿಮೀಟರ್‌ನಷ್ಟು ಮೇಲೆಯೇ ಇರುವುದರಿಂದ ಈ ಬದಲಾವಣೆ ಕಣ್ತಪ್ಪುವುದು ಸುಲಭ. ಎರಡನೆಯದು ಎದೆ, ಹೊಟ್ಟೆಯನ್ನು ಬೇರೆ ಮಾಡುವ ವಪೆ. ಸಾಮಾನ್ಯವಾಗಿ ಬಲ ವಪೆ ಎಡಕ್ಕಿಂತ ಮೇಲಿರುತ್ತದೆ, ಇವರಲ್ಲಿ ಎಡದ್ದು ಮೇಲಿದೆ. ಅದರ ನಡುವೆ ಒಂದು ಚಿಕ್ಕ ಮೊನೆಯೂ ಎದ್ದಿದೆ. ಮೇಲಿನ ಲೋಬ್ ಕುಗ್ಗಿದಾಗ ಕಾಣುವ ಗುರುತು ಅದು. ಮೂರನೆಯದು ಮಹಾಪಧಮನಿಯ ಉಬ್ಬಿನ ಪಕ್ಕದಲ್ಲಿರುವ ಬಾಗಿದ ಕಪ್ಪು ಪಟ್ಟಿ. ಅಲ್ಲಿ ಬಿಳಿ ಇರಬೇಕಿತ್ತಲ್ವಾ, ಕಪ್ಪು ಯಾಕೆ? ಕೆಳಗಿನ ಲೋಬ್ ಹಿಗ್ಗಿ, ಕುಗ್ಗಿದ ಲೋಬ್‌ಗೂ ಮಹಾಪಧಮನಿಗೂ ನಡುವೆ ತುದಿಯವರೆಗೆ ತೂರಿಕೊಂಡಿದೆ. ಈ ಪಟ್ಟಿಗೆ ರೇಡಿಯಾಲಜಿಯಲ್ಲಿ ಲುಫ್ಟ್‌ಸಿಖೆಲ್ ಅನ್ನುತ್ತಾರೆ. ಎಲ್ಲರ ಫಿಲಂನಲ್ಲೂ ಇದು ಇರುವುದಿಲ್ಲ. ಇದ್ದರೆ ಸಂಶಯಕ್ಕೆ ಜಾಗ ಕಮ್ಮಿ.

ಇವೆಲ್ಲ ಪರೋಕ್ಷ ಗುರುತುಗಳು. ಎಡ ಹೃದಯದ ಅಂಚು ಅಳಿಸಿಹೋಗಿರುವುದನ್ನೂ ಇದರ ಜೊತೆಗೆ ಸೇರಿಸಿ. ಆ ಅಂಚಿಗೆ ತಾಗಿಕೊಂಡಿರುವುದು ಎಡ ಮೇಲಿನ ಲೋಬ್‌ನ ಕೆಳಭಾಗ. ಅದರಲ್ಲಿ ಗಾಳಿ ಇಲ್ಲದಿದ್ದರೆ ಬಿಳಿಯ ಪಕ್ಕ ಬಿಳಿ ಬಂದು ಗೆರೆ ಕಾಣದಾಗುತ್ತದೆ. ವಪೆಯ ಗೆರೆ ಹೋಗಿ ಹೃದಯದ ಅಂಚು ಉಳಿದಿದ್ದರೆ ಕೆಳಗಿನ ಲೋಬ್ ಕಡೆ ನೋಡುತ್ತಿದ್ದೆವು.

ನೇರ ಗುರುತು ಅಂದರೆ ಲೋಬ್‌ಗಳ ನಡುವಿನ ಸೀಳು, ಅಂದರೆ ಫಿಶರ್, ಜಾಗ ಬದಲಿಸಿರುವುದು, ಮತ್ತು ಆ ಲೋಬ್‌ನ ರಕ್ತನಾಳಗಳು, ಶ್ವಾಸನಾಳಗಳು ಒತ್ತೊತ್ತಾಗಿ ಸೇರಿರುವುದು. ಇವು ಸಿಕ್ಕರೆ ವಾದಕ್ಕೆ ಜಾಗವಿಲ್ಲ. ಆದರೆ ಎಡಗಡೆ ಅಡ್ಡ ಫಿಶರ್ ಸಾಮಾನ್ಯವಾಗಿ ಇರುವುದಿಲ್ಲ. ಇರುವ ಓರೆ ಫಿಶರ್ ಎದುರಿನ ಫಿಲಂನಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕು. ಅದರಲ್ಲಿ ಎದೆಮೂಳೆಯ ಹಿಂದೆ ಮೇಲಿಂದ ಕೆಳಗೆ ಬಿಳಿ ಪಟ್ಟಿ ಇರುತ್ತದೆ, ಅದರ ಹಿಂದಿನ ಅಂಚು ಚೂಪಾಗಿರುತ್ತದೆ. ಆ ಅಂಚೇ ಮುಂದಕ್ಕೆ ಎಳೆದುಕೊಂಡ ಫಿಶರ್. ಮೊದಲು ಪಕ್ಕದ ಫಿಲಂ ತೆಗೆಸಿದ್ದರೆ ಎರಡು ಅಭಿಪ್ರಾಯ ಬರುತ್ತಿರಲಿಲ್ಲ ಅಂತ ನನಗನಿಸುತ್ತದೆ. ಈಗ ಸಿಟಿ ಆಗುವುದರಿಂದ ಅದರ ಅಗತ್ಯವಿಲ್ಲ.

ಇನ್ನು ಟಿಬಿ ಮಾತು. ನಿಮ್ಮೂರ ಡಾಕ್ಟರ್ ಅದನ್ನು ಯೋಚಿಸಿದ್ದು ಸರಿಯೇ. ಟಿಬಿ ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚು ಹಿಡಿಯುತ್ತದೆ, ಕೆಲವರಲ್ಲಿ ಶ್ವಾಸನಾಳದ ಒಳಗೋಡೆಗೇ ತಗುಲಿ ಅದನ್ನು ಸಣ್ಣ ಮಾಡುತ್ತದೆ, ಹಳೇ ಟಿಬಿಯ ಗಾಯ ಒಣಗಿ ಲೋಬ್ ಕುಗ್ಗುವುದೂ ಉಂಟು. ಆದರೆ ಗಾಯ ಒಣಗಿ ಕುಗ್ಗಲು ತಿಂಗಳು, ವರ್ಷಗಳೇ ಬೇಕು. ಅಂಥ ಜಾಗದಲ್ಲಿ ಒರಟು ಗೆರೆಗಳು, ಸುಣ್ಣದ ಚುಕ್ಕೆಗಳು, ಕೆಲವೊಮ್ಮೆ ಪೊಳ್ಳುಗಳು ಇರುತ್ತವೆ. ಇವರ ಫಿಲಂನಲ್ಲಿ ಇವೇನೂ ಇಲ್ಲ, ಒಂದೇ ಸಮನಾದ ಮಬ್ಬು. ಆದ್ದರಿಂದ ಮನೆಯಲ್ಲಿ ಹಳೆಯ ಎಕ್ಸ್‌ರೇ ಏನಾದರೂ ಇದೆಯಾ ಹುಡುಕಿ. ಎರಡು ವರ್ಷದ ಹಿಂದಿನದಾದರೂ ಪರವಾಗಿಲ್ಲ. ಅದರಲ್ಲಿ ಎಡಗಡೆ ಸರಿಯಾಗಿದ್ದರೆ ಈಗಿನದು ಹೊಸದು, ನಾಳದಲ್ಲಿ ಅಡ್ಡಿ ಇದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ದೊಡ್ಡವರಲ್ಲಿ ಅಡ್ಡಿಗೆ ಕಾರಣಗಳು ಸನ್ನಿವೇಶ ನೋಡಿ ಬದಲಾಗುತ್ತವೆ. ಆಪರೇಷನ್ ಆದ ಎರಡು ದಿನದಲ್ಲಿ ಲೋಬ್ ಕುಗ್ಗಿದರೆ ಅದು ಹೆಚ್ಚಾಗಿ ಗಟ್ಟಿ ಕಫ, ಫಿಸಿಯೋಥೆರಪಿಯಿಂದಲೇ ಬಿಡಬಹುದು. ಆಸ್ತಮಾ ಇರುವವರಲ್ಲೂ ಕಫದ ಗಂಟು ನಾಳ ಮುಚ್ಚುತ್ತದೆ. ಐಸಿಯುನಲ್ಲಿ ಉಸಿರಿನ ಟ್ಯೂಬ್ ಆಳಕ್ಕೆ ಇಳಿದು ಬಲ ನಾಳಕ್ಕೆ ಹೋದರೆ ಎಡ ಶ್ವಾಸಕೋಶ ಪೂರ್ತಿ ಕುಗ್ಗಬಹುದು. ಊಟ ಮಾಡುವಾಗ, ಎಲೆ ಅಡಿಕೆ ಹಾಕಿಕೊಳ್ಳುವಾಗ ಅಡಿಕೆ ಚೂರು ಶ್ವಾಸನಾಳಕ್ಕೆ ಇಳಿದು ಕುಳಿತದ್ದೂ ಉಂಟು. ತಂದೆಯವರಿಗೆ ಆ ಥರ ಜೋರಾಗಿ ನೆತ್ತಿಗೇರಿ ಕೆಮ್ಮಿದ ನೆನಪಿದೆಯಾ ಕೇಳಿ, ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಆದರೆ 61 ವರ್ಷ, ಬೀಡಿ, ಕಫದಲ್ಲಿ ರಕ್ತ, ಆಸ್ಪತ್ರೆ ಸೇರದೆ ಮನೆಯಲ್ಲಿದ್ದಾಗಲೇ ಕುಗ್ಗಿದ ಲೋಬ್, ಇವೆಲ್ಲ ಸೇರಿದಾಗ ಮೊದಲು ತಳ್ಳಿಹಾಕಬೇಕಾದದ್ದು ಶ್ವಾಸನಾಳದ ಕ್ಯಾನ್ಸರ್. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಹೊಗೆಯಿಂದ ಬರುವ ಸ್ಕ್ವಾಮಸ್ ಥರದ ಗೆಡ್ಡೆಗಳು ದೊಡ್ಡ ನಾಳಗಳಲ್ಲಿ ಬೆಳೆಯುವುದು ಜಾಸ್ತಿ, ಹಾಗಾಗಿ ಅವು ಲೋಬ್‌ನ ದಾರಿಯನ್ನೇ ಮುಚ್ಚುತ್ತವೆ. ಬಲ ಮೇಲಿನ ಲೋಬ್‌ನಲ್ಲಿ ಹೀಗಾದರೆ ಕುಗ್ಗಿದ ಲೋಬ್‌ನ ಅಂಚು ಹೊರಬದಿಯಲ್ಲಿ ಒಳಬಾಗಿ, ಬುಡದಲ್ಲಿ ಗೆಡ್ಡೆಯಿಂದ ಉಬ್ಬಿ, ‘S’ ಅಕ್ಷರದಂತೆ ಕಾಣುತ್ತದೆ. ರಾಸ್ ಗೋಲ್ಡನ್ ಅನ್ನುವ ವೈದ್ಯರು 1925ರಲ್ಲೇ ಇದನ್ನು ಬರೆದಿದ್ದಾರೆ. ಎಡಗಡೆ ಅಂಥ ಸುಲಭದ ಗುರುತು ಸಿಗುವುದು ಕಷ್ಟ. ನಿಮ್ಮ ಫೋಟೋದಲ್ಲಿ ಗೆಡ್ಡೆ ಕಾಣುತ್ತಿಲ್ಲ, ಆದರೆ ಅದರಿಂದ ಗೆಡ್ಡೆ ಇಲ್ಲ ಅಂತ ಆಗುವುದಿಲ್ಲ. ಮಬ್ಬಿನೊಳಗೆ ಅಡಗಿರಬಹುದು. ಎಕ್ಸ್‌ರೇ ಲೋಬ್ ಕುಗ್ಗಿದೆ ಅಂತ ಹೇಳಬಲ್ಲದು, ಯಾಕೆ ಕುಗ್ಗಿದೆ ಅಂತ ಎಷ್ಟೋ ಸಲ ಹೇಳಲಾರದು.

ಅದಕ್ಕೇ ಸಿಟಿ. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೆದಾಗ ಕುಗ್ಗಿದ ಶ್ವಾಸಕೋಶ ಚೆನ್ನಾಗಿ ಬೆಳ್ಳಗಾಗುತ್ತದೆ, ಗೆಡ್ಡೆ ಅಷ್ಟಾಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸ, ನಾಳ ಎಲ್ಲಿ ಕಡಿದುಹೋಗಿದೆ, ಗಂಟುಗಳಿವೆಯಾ, ಎಲ್ಲ ತಿಳಿಯುತ್ತದೆ. ಔಷಧಿ ಕೊಡುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡುತ್ತಾರೆ. ಆಮೇಲೆ ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ತೆಳು ನಳಿಕೆ ಇಳಿಸಿ, ಅಡ್ಡಿಯನ್ನು ಕಣ್ಣಾರೆ ನೋಡಿ ಸಣ್ಣ ಚೂರು ತೆಗೆಯುತ್ತಾರೆ. ಅಲ್ಲಿನ ದ್ರವವನ್ನು ಟಿಬಿಗಾಗಿ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸಬಹುದು. ಕಫದಲ್ಲಿ ಸಿಗದ ಟಿಬಿ ಅಲ್ಲಿ ಸಿಕ್ಕಿದ್ದೂ ಇದೆ. ಒಂದೇ ಸಲಕ್ಕೆ ಎರಡೂ ಪ್ರಶ್ನೆಗೆ ಉತ್ತರ ಸಿಗುವಾಗ, ಸುಮ್ನೆ ಟಿಬಿ ಮಾತ್ರೆ ಕೊಟ್ಟು ಎರಡು ತಿಂಗಳು ಕಾಯುವುದು ಬೇಡ. ಅದು ಕ್ಯಾನ್ಸರ್ ಆಗಿದ್ದರೆ ಆ ಎರಡು ತಿಂಗಳಲ್ಲಿ ಆಪರೇಷನ್ ಮಾಡಬಹುದಾದ ಹಂತ ದಾಟಿಹೋಗಬಹುದು.

ನಾಳದೊಳಗಿಂದ ಚೂರು ತೆಗೆದರೆ ಕಾಯಿಲೆ ಹರಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ನೆಂಟರಿಗೆ ಧೈರ್ಯವಾಗಿ ಹೇಳಿ. ಚೂರಿನ ಪರೀಕ್ಷೆ ಇಲ್ಲದೆ ಯಾವ ಥರದ ಗೆಡ್ಡೆ, ಯಾವ ಔಷಧಿ ಅಂತ ನಿರ್ಧರಿಸಲು ಆಗುವುದಿಲ್ಲ. ಸ್ವಲ್ಪ ರಕ್ತ ಬರಬಹುದು, ಸಾಮಾನ್ಯವಾಗಿ ಬೇಗ ನಿಲ್ಲುತ್ತದೆ. ತಂದೆಯವರು ಹೃದಯಕ್ಕೆ ಅಥವಾ ಲಕ್ವಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಎಕ್ಸ್‌ರೇ ಫೋಟೋ ಸಾಲದು, ಮೂಲ ಫಿಲಂ ಅಥವಾ ಸಿ.ಡಿ. ತೆಗೆದುಕೊಂಡು ಹೋಗಿ. ಈ ವಾರವೇ ಸಿಟಿಯ ದಿನ ಗೊತ್ತುಮಾಡಿಕೊಳ್ಳಿ. ಅಷ್ಟರೊಳಗೆ ಕಫದಲ್ಲಿ ಗೆರೆಯ ಬದಲು ಚಮಚದಷ್ಟು ರಕ್ತ ಬಂದರೆ, ಜ್ವರದ ಜೊತೆ ಚಳಿ ಬಂದರೆ, ಕೂತಲ್ಲೇ ಏದುಸಿರು ಶುರುವಾದರೆ ಗೊತ್ತಾದ ದಿನಕ್ಕೆ ಕಾಯದೆ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.