ಮೊದಲ ದೊಡ್ಡ ಆರ್ಡರಿಗೆ ಥ್ಯಾಂಕ್ಸ್ ಹೇಳುವಾಗಲೇ ಬಿಲ್ ಕಳಿಸಬೇಕಾ?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡಿ ಮಾರುತ್ತೇನೆ. ಸೊಲ್ಲಾಪುರದ ಮಸಾಲೆ ಅಂಗಡಿಯಿಂದ ಮೊದಲ ಸಲ 300 ಕೆಜಿ ಆರ್ಡರ್ ಬಂದಿದೆ. ಥ್ಯಾಂಕ್ಸ್ ಹೇಳಿ ಮುಂದೇನು ಅಂತ ಹೇಗೆ ಬರೆಯಲಿ? ಬಿಲ್ ಈಗಲೇ ಕಳಿಸಲಾ?

ಬಿಲ್ ಈಗಲೇ ಬೇಡ. ಥ್ಯಾಂಕ್ಸ್ ಜೊತೆ ಪ್ರೊಫಾರ್ಮಾ ಕಳಿಸಿ, ಅಂದರೆ ದರ, ಮೊತ್ತ ತೋರಿಸುವ ಕಚ್ಚಾ ಬಿಲ್. ಟ್ಯಾಕ್ಸ್ ಇನ್ವಾಯ್ಸ್ ಮಾಲು ಗಾಡಿಗೆ ಏರುವ ದಿನ ಮಾಡಿ.

ನಾನೂ ಹುಬ್ಬಳ್ಳಿಯಲ್ಲಿ ಇದೇ ವ್ಯಾಪಾರ ಮಾಡುತ್ತೇನೆ. ನನ್ನ ಮೊದಲ ದೊಡ್ಡ ಆರ್ಡರ್ ಬಂದ ಸಂಜೆ, ಖುಷಿಯಲ್ಲಿ ಟ್ಯಾಕ್ಸ್ ಇನ್ವಾಯ್ಸೂ, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲೂ ಮಾಡಿ ಥ್ಯಾಂಕ್ಸ್ ಜೊತೆಗೇ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಅವರು ಫೋನ್ ಮಾಡಿ, 50 ಕೆಜಿ ಕಡಿಮೆ ಮಾಡಿ, ಮಾಲು ಬೇರೆ ಗೋಡೌನಿಗೆ ಬರಲಿ ಅಂದರು. ಇ-ವೇ ಬಿಲ್‌ನಲ್ಲಿ ಮಾಲಿನ ವಿವರ ತಿದ್ದೋಕೆ ಬರಲ್ಲ. 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ಹಾಗೇ ಮಾಡಿದೆ. ಆದರೆ ಅವರ ಲೆಕ್ಕದವರು ಹಳೆ ಬಿಲ್ ನಂಬರನ್ನೇ ಬರೆದುಕೊಂಡಿದ್ದರು. ಅದು ಸರಿಹೋಗೋ ತನಕ ಎರಡು ವಾರ ನನ್ನ ಬಾಕಿ ದುಡ್ಡು ನಿಂತಿತು.

ಬರೆಯೋ ಮೊದಲು ಒಂದು ನೋಡಿಕೊಳ್ಳಿ. ಸೊಲ್ಲಾಪುರ ಮಹಾರಾಷ್ಟ್ರ. ಹೊರರಾಜ್ಯಕ್ಕೆ ಇಂಥ ಮಾಲು ಮಾರಲು ಜಿಎಸ್‌ಟಿ ನೋಂದಣಿ ಬೇಕೇ ಬೇಕು, ನಿಮ್ಮ ವ್ಯಾಪಾರ ಎಷ್ಟೇ ಸಣ್ಣದಿರಲಿ. ಸಣ್ಣ ವ್ಯಾಪಾರಿಗಳಿಗೆ ಇರುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಹೊರರಾಜ್ಯಕ್ಕೆ ಮಾರುವಂತಿಲ್ಲ. ಅಂಥದ್ದಿದ್ದರೆ ಮೊದಲು ನಿಮ್ಮ ಟ್ಯಾಕ್ಸ್ ಸಲಹೆಗಾರರ ಹತ್ತಿರ ಮಾತಾಡಿ, ಆಮೇಲೆ ಒಪ್ಪಿಕೊಳ್ಳಿ.

ಈಗ ಸಂದೇಶ. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವವರು ಬಹಳ ಇದ್ದಾರೆ. ನಿಮ್ಮ ಗಿರಾಕಿ ಕನ್ನಡದವರಾದರೆ ಕನ್ನಡದಲ್ಲೇ ಬರೆಯಿರಿ. ನಾನು ಕೆಜಿಗೆ 420 ರೂಪಾಯಿ ಅಂತ ಹಿಡಿದು ಬರೆದಿದ್ದೇನೆ. ನಿಮ್ಮ ದರ ಹಾಕಿಕೊಳ್ಳಿ.

"ನಮಸ್ಕಾರ ಸರ್. ನಮ್ಮ ಪುಡಿ ನೋಡಿ, ನಂಬಿ 300 ಕೆಜಿ ಆರ್ಡರ್ ಕೊಟ್ಟಿದ್ದೀರಿ, ಬಹಳ ಸಂತೋಷ. ಸ್ಯಾಂಪಲ್‌ನಲ್ಲಿ ನೀವು ಒಪ್ಪಿದ ಬಣ್ಣ, ಅದೇ ನುಣುಪು ಬರುತ್ತದೆ. 25 ಕೆಜಿಯ 12 ಚೀಲ, ನಿವ್ವಳ ತೂಕ 300 ಕೆಜಿ. ಮಾಲಿನ ಬೆಲೆ 1,26,000, ಐಜಿಎಸ್‌ಟಿ 5% ಅಂದರೆ 6,300, ಒಟ್ಟು 1,32,300 ರೂಪಾಯಿ. ಪ್ರೊಫಾರ್ಮಾ ಜೊತೆಗಿದೆ. ದಯವಿಟ್ಟು ನಿಮ್ಮ ಜಿಎಸ್‌ಟಿ ನಂಬರ್, ಬಿಲ್ ವಿಳಾಸ, ಮಾಲು ಇಳಿಸುವ ಗೋಡೌನಿನ ವಿಳಾಸ ನೋಡಿ ಸರಿ ಇದೆ ಅಂತ ತಿಳಿಸಿ. ಅದು ಬಂದು, 40% ಮುಂಗಡ 52,920 ಜಮಾ ಆದ ದಿನದಿಂದ ಆರನೇ ದಿನ ಮಾಲು ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟಿಗೆ ಸೇರುತ್ತದೆ. ಚೀಲ ಹೊಲಿದ ಫೋಟೋ ಕಳಿಸುತ್ತೇವೆ, ಆಗ ಬಾಕಿ 79,380 ಹಾಕಿ. ಲಾರಿ ಬಾಡಿಗೆ ನಿಮ್ಮ ಕಡೆ, ಮಾಲು ಬಂದಾಗ ಕೊಡುವುದು."

ಇದರಲ್ಲಿ ಒಂದು ಸಾಲು ಮಾತ್ರ ಎಂದೂ ಬಿಡಬೇಡಿ: ದಿನ ಎಲ್ಲಿಂದ ಎಣಿಸಬೇಕು ಅನ್ನೋದು. ಸುಮ್ನೆ "ಮುಂದಿನ ಸೋಮವಾರ ಕಳಿಸ್ತೀವಿ" ಅಂದರೆ, ಮುಂಗಡ ಗುರುವಾರ ಬಂದರೂ ಸೋಮವಾರದ ಮಾತು ನಿಮ್ಮ ತಲೆ ಮೇಲೇ ಇರುತ್ತದೆ. ಅವರು ಅಲ್ಲಿ ಆಳು ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ.

ಮುಂಗಡ ಬಂದ ಕೂಡಲೇ ರಸೀದಿ ವೋಚರ್ ಕೊಡಿ. ಮಾಲಿನ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಬಿಲ್ ಆದಾಗ ಕಟ್ಟಿದರೆ ಸಾಕು.

ಗಾಡಿಯ ದಿನದ ಕ್ರಮ ಹೀಗೆ. ಬೆಳಿಗ್ಗೆ ಚೀಲ ತೂಗಿ, ಆ ತೂಕದ ಮೇಲೆ ಇನ್ವಾಯ್ಸ್ ಮಾಡುತ್ತೇನೆ, ಮೂರು ಪ್ರತಿ: ಮೂಲ ಗಿರಾಕಿಗೆ, ಎರಡನೇದು ಟ್ರಾನ್ಸ್‌ಪೋರ್ಟಿಗೆ, ಮೂರನೇದು ನನಗೆ. ತಿನ್ನುವ ವಸ್ತು ಆದ್ದರಿಂದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ ಮೇಲೆ ಇರಬೇಕು. ತೆರಿಗೆ ಸೇರಿ ಬೆಲೆ 50,000 ದಾಟಿದ್ದರಿಂದ ಇ-ವೇ ಬಿಲ್ ಬೇಕು. ಮಾಲಿನ ವಿವರದ ಪಾರ್ಟ್ ಎ ನಾವು ತುಂಬಿ, ಟ್ರಾನ್ಸ್‌ಪೋರ್ಟಿನವರ ಐಡಿ ಹಾಕಿ ಕೊಡುತ್ತೇವೆ. ಸೊಲ್ಲಾಪುರದ ಗಾಡಿ ನಂಬರ್ ಅವರು ಪಾರ್ಟ್ ಬಿ ಯಲ್ಲಿ ಹಾಕುತ್ತಾರೆ. ನಿಮಗಿಲ್ಲಿ ಒಂದು ವ್ಯತ್ಯಾಸ ಇದೆ. ನನ್ನ ಮಿಲ್ಲಿನಿಂದ ಟ್ರಾನ್ಸ್‌ಪೋರ್ಟ್ ಆಫೀಸು ಊರೊಳಗೇ ಇದೆ. ರಾಜ್ಯದೊಳಗೆ 50 ಕಿಮೀ ತನಕ ಆ ಓಡಾಟಕ್ಕೆ ಪಾರ್ಟ್ ಬಿ ಬೇಡ. ಬ್ಯಾಡಗಿಯಿಂದ ಹುಬ್ಬಳ್ಳಿ ಅದಕ್ಕಿಂತ ದೂರ ಅಲ್ವಾ, ಹಾಗಾಗಿ ನಿಮ್ಮ ಟೆಂಪೋ ನಂಬರನ್ನೂ ಹಾಕಿಯೇ ಹೊರಡಿ.

ಇ-ವೇ ಬಿಲ್ ಅವಧಿ 200 ಕಿಮೀಗೆ ಒಂದು ದಿನ. ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ಸುಮಾರು 300 ಕಿಮೀ, ನಿಮ್ಮೂರಿಂದ ಇನ್ನೂ ಜಾಸ್ತಿ, ಎರಡು ದಿನ ಸಿಗುತ್ತದೆ. ಲೋಡ್ ತುಂಬಲಿಲ್ಲ ಅಂತ ಪಾರ್ಸೆಲ್ ಗೋಡೌನಿನಲ್ಲೇ ಉಳಿದರೆ ಆ ಎರಡು ದಿನ ಅಲ್ಲೇ ಮುಗಿಯಬಹುದು. ಗಾಡಿ ಇವತ್ತೇ ಹೊರಡುತ್ತಾ ಅಂತ ಬುಕಿಂಗ್ ಗುಮಾಸ್ತರನ್ನ ಕೇಳಿಕೊಂಡೇ ಮಾಲು ಒಯ್ಯಿರಿ.

ಟ್ರಾನ್ಸ್‌ಪೋರ್ಟಿನವರು ಕೊಡುವ ರಸೀದಿ, ಅಂದರೆ ಎಲ್‌ಆರ್, ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. 12 ಚೀಲ ಅಂತ ಇದೆಯಾ, ಬಿಲ್ ನಂಬರ್ ಸರಿ ಇದೆಯಾ ನೋಡಿ. ಅದರಲ್ಲಿ ಚೀಲ ಸೇರಿದ ತೂಕ ಬರೆಯುತ್ತಾರೆ, 303 ಅಂತಲೋ 304 ಅಂತಲೋ ಇರುತ್ತದೆ. ಬಿಲ್ಲಿನಲ್ಲಿ 300. ಗಿರಾಕಿಗೆ ಎಲ್‌ಆರ್ ಫೋಟೋ ಕಳಿಸುವಾಗ ಎರಡು ತೂಕ ಯಾಕೆ ಅಂತ ಒಂದು ಸಾಲು ಬರೆದುಬಿಡಿ. ಜೊತೆಗೆ, "ಇಳಿಸುವಾಗ ಚೀಲ ಹರಿದಿದ್ದರೆ, ಒದ್ದೆ ಆಗಿದ್ದರೆ, ಎಲ್‌ಆರ್ ಮೇಲೆ ಬರೆಸಿಯೇ ಸಹಿ ಮಾಡಿ ಸರ್, ಆಗಲೇ ನನಗೂ ಫೋನ್ ಮಾಡಿ" ಅಂತ ಸೇರಿಸಿ.