ಮೇಜರ್ ರಿವಿಷನ್ ನಂತರದ ಕವರ್ ಲೆಟರ್‌ಗೆ ಎರಡು ಸಾಲು ಸಾಕೇ?

ಪ್ರಶ್ನೆ: ಸಂಶೋಧನಾ ಪತ್ರಿಕೆಯವರು ನನ್ನ ಪ್ರಬಂಧಕ್ಕೆ ದೊಡ್ಡ ತಿದ್ದುಪಡಿ ಕೇಳಿದ್ದಾರೆ. ರಿವ್ಯೂವರ್‌ಗಳಿಗೆ ಕೊಟ್ಟ ಉತ್ತರಗಳೆಲ್ಲ ಬೇರೆ ಫೈಲಿನಲ್ಲಿವೆ. ಹಾಗಾದರೆ ಸಂಪಾದಕರಿಗೆ ಬರೆಯುವ ಕವರ್ ಲೆಟರ್ ಬರೀ ಔಪಚಾರಿಕ ತಾನೇ? ಎರಡು ಸಾಲು ಸಾಕಲ್ಲವೇ?

ಸಾಲದು. ನಾನೂ ಎರಡೇ ಸಾಲು ಬರೆದಿದ್ದೆ: ‘ಎಲ್ಲ ಸಲಹೆಗಳಿಗೂ ಉತ್ತರಿಸಿದ್ದೇವೆ. ದಯವಿಟ್ಟು ಪರಿಗಣಿಸಿ.’ ಪ್ರಬಂಧ ತಿರಸ್ಕೃತವಾಯಿತು.

ನಮ್ಮದು ಕೆರೆಗಳ ನೈಟ್ರೇಟ್ ಕುರಿತ ಕೆಲಸ. ಒಂದೇ ಕೆರೆಯಿಂದ ಹಲವು ಸಲ ನೀರು ತೆಗೆದಿದ್ದೆವು. ಎರಡು ಕೆರೆಗಳ ಅಂಕಿಗಳು ಉಳಿದವುಗಳಿಗಿಂತ ತೀರಾ ಮೇಲಿದ್ದವು. ಅವನ್ನು ಕೈಬಿಡಿ ಎಂದರು ಮೊದಲ ರಿವ್ಯೂವರ್. ಯಾವುದನ್ನೂ ಬಿಡಬೇಡಿ, ಒಂದೇ ಕೆರೆಯ ಮಾದರಿಗಳು ಪರಸ್ಪರ ಸ್ವತಂತ್ರವಲ್ಲ, ಹಾಗಾಗಿ ಮಿಕ್ಸೆಡ್ ಮಾಡೆಲ್ ಬಳಸಿ ಎಂದರು ಎರಡನೆಯವರು. ನಮ್ಮ ಫೀಲ್ಡ್ ಪುಸ್ತಕದಲ್ಲಿ ಉಪಕರಣದ ದೋಷವೇನೂ ದಾಖಲಾಗಿರಲಿಲ್ಲ. ಮಾದರಿ ತೆಗೆಯುವ ಮುನ್ನ ಜೋರು ಮಳೆಯಾಗಿತ್ತು, ಆ ಎರಡೂ ಕೆರೆಗಳಿಗೆ ಹೊಲದ ನೀರು ನೇರ ಹರಿದು ಬರುತ್ತಿತ್ತು. ಆದ್ದರಿಂದ ಎರಡನೆಯವರ ಮಾತು ಹಿಡಿದೆವು. ಲೆಕ್ಕ ಬದಲಾದ ಮೇಲೆ ಅಂದಾಜಿನ ಅನಿಶ್ಚಿತತೆ ಹೆಚ್ಚಿತು, ಸಾರಾಂಶದ ಮುಖ್ಯ ವಾಕ್ಯವನ್ನೂ ಮೃದುಗೊಳಿಸಬೇಕಾಯಿತು.

ಇದಿಷ್ಟೂ ಎರಡನೆಯವರಿಗೆ ಕೊಟ್ಟ ಉತ್ತರದಲ್ಲಿತ್ತು. ಮೊದಲನೆಯವರಿಗೆ ‘ಅಲ್ಲಿ ನೋಡಿ’ ಎಂದಷ್ಟೇ ಬರೆದಿದ್ದೆವು. ನನ್ನ ಮುಖ್ಯ ಸಲಹೆಯನ್ನು ಕಡೆಗಣಿಸಿದ್ದಾರೆ, ತೀರ್ಮಾನವನ್ನೂ ಸದ್ದಿಲ್ಲದೆ ಬದಲಿಸಿದ್ದಾರೆ ಎಂದು ಅವರು ಬರೆದರು. ಒಬ್ಬರು ಒಪ್ಪಿದರು, ಇನ್ನೊಬ್ಬರು ಬೇಡವೆಂದರು. ತೂಗಿ ನೋಡಲು ಸಂಪಾದಕರ ಕೈಯಲ್ಲಿ ನಮ್ಮ ಕಡೆಯಿಂದ ಇದ್ದದ್ದು ಆ ಎರಡು ಸಾಲು. ಉತ್ತರದ ಫೈಲಿನಲ್ಲಿ ಪ್ರತಿಯೊಬ್ಬ ರಿವ್ಯೂವರ್ ಹುಡುಕುವುದು ತನ್ನ ಪ್ರಶ್ನೆಗಳನ್ನು. ಇಬ್ಬರ ಮಾತು ಒಂದಕ್ಕೊಂದು ವಿರುದ್ಧವಾದಾಗ ತೀರ್ಪು ಕೊಡಬೇಕಾದವರು ಸಂಪಾದಕರು, ಅವರೊಂದಿಗೆ ನೇರವಾಗಿ ಮಾತಾಡುವ ಜಾಗ ಕವರ್ ಲೆಟರ್. ಆ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ.

ಈಗ ಪ್ರಬಂಧದ ಸಂಖ್ಯೆ, ಶೀರ್ಷಿಕೆ ಆದ ಕೂಡಲೇ ಇಂಥದ್ದನ್ನು ಬರೆಯುತ್ತೇನೆ: ‘ಎರಡು ಕೆರೆಗಳ ಅಂಕಿಗಳ ಬಗ್ಗೆ ರಿವ್ಯೂವರ್‌ಗಳ ಸಲಹೆಗಳು ಪರಸ್ಪರ ವಿರುದ್ಧವಾಗಿವೆ. ಅಳತೆಯಲ್ಲಿ ದೋಷ ಕಾಣದ ಕಾರಣ ಅವನ್ನು ಉಳಿಸಿಕೊಂಡಿದ್ದೇವೆ. ಕೈಬಿಟ್ಟರೆ ಬರುವ ಫಲಿತಾಂಶ ಪೂರಕ ಕೋಷ್ಟಕದಲ್ಲಿದೆ. ಹೊಸ ವಿಶ್ಲೇಷಣೆಯಿಂದ ನಮ್ಮ ಮುಖ್ಯ ತೀರ್ಮಾನ ಮೊದಲಿಗಿಂತ ದುರ್ಬಲವಾಗಿದೆ, ಸಾರಾಂಶವನ್ನು ಅದಕ್ಕೆ ತಕ್ಕಂತೆ ತಿದ್ದಿದ್ದೇವೆ.’ ತೀರ್ಮಾನ ದುರ್ಬಲವಾಯಿತು ಎಂದು ಹೇಳಲು ಅಂಜಬೇಡಿ. ಅದನ್ನು ಸಂಪಾದಕರು ರಿವ್ಯೂವರ್ ಬಾಯಿಂದ ಮೊದಲು ಕೇಳಬಾರದು. ಯಾರೂ ಕೇಳದೆ ನೀವಾಗಿ ಮಾಡಿದ ಬದಲಾವಣೆಗಳೂ, ಉದಾಹರಣೆಗೆ ಹೊಸ ಲೇಖಕರ ಸೇರ್ಪಡೆ, ಇಲ್ಲೇ ಬರಬೇಕು.

ಪ್ರಶ್ನೆವಾರು ಉತ್ತರಗಳನ್ನು ಮಾತ್ರ ಇಲ್ಲಿಗೆ ತಂದು ತುಂಬಬೇಡಿ, ಒಂದು ಪುಟ ದಾಟಬಾರದು. ಕೆಲವು ಪತ್ರಿಕೆಗಳಲ್ಲಿ ಈ ಪತ್ರ ರಿವ್ಯೂವರ್ ಕಣ್ಣಿಗೂ ಬೀಳಬಹುದು, ಆದ್ದರಿಂದ ಅವರನ್ನು ದೂರುವ ಧಾಟಿ ಬೇಡ. ನಿಮ್ಮ ರಿವ್ಯೂವರ್‌ಗಳಲ್ಲೂ ಇಂಥ ಜಗ್ಗಾಟವಿದ್ದು, ತಿದ್ದುವ ಕೆಲಸ ಇನ್ನೂ ಮುಗಿದಿಲ್ಲವಾದರೆ ಇವತ್ತೇ ಸಂಪಾದಕರಿಗೆ ಮೇಲ್ ಮಾಡಿ, ಯಾವ ದಾರಿ ಹಿಡಿಯಲಿ ಎಂದು ಕೇಳಿ. ಅವರ ಉತ್ತರ ಬಂದರೆ ಕವರ್ ಲೆಟರ್‌ನಲ್ಲಿ ಅದರ ದಿನಾಂಕ ಹಾಕಿ ಉಲ್ಲೇಖಿಸಿ.